ಏರುಪೇರಿನ ಸಂಪಾದನೆಯಲ್ಲಿ ನನಗೆ ನಾನೇ ಕೊಟ್ಟುಕೊಳ್ಳುವ ತಿಂಗಳ ಸಂಬಳ ಎಷ್ಟಿರಬೇಕು?

ಒಳಮನೆ (ಮೈಸೂರು), 10 ಜೂನ್ 2025

ಎಲ್ಲರಿಗೂ ನಮಸ್ಕಾರ. ನಾನು ಮೈಸೂರಿನಲ್ಲಿ ಸ್ವತಂತ್ರವಾಗಿ ಮನೆಗಳ ಒಳಾಂಗಣ ವಿನ್ಯಾಸ ಮಾಡುತ್ತೇನೆ. ಮರಗೆಲಸ, ಬಣ್ಣ, ವೈರಿಂಗ್ ಮುಂತಾದವುಗಳ ಹಣವನ್ನು ಮನೆಯವರೇ ಕೆಲಸಗಾರರಿಗೆ ನೇರವಾಗಿ ಕೊಡುತ್ತಾರೆ. ನನಗೆ ಬರುವುದು ವಿನ್ಯಾಸದ ಶುಲ್ಕ ಮಾತ್ರ, ಅದೂ ಮೂರು ಕಂತುಗಳಲ್ಲಿ: ಕೆಲಸ ಒಪ್ಪಿಕೊಂಡಾಗ ಮುಂಗಡ, ನಕ್ಷೆಗಳು ಅಂತಿಮವಾದಾಗ ಒಂದು ಪಾಲು, ಗೃಹಪ್ರವೇಶಕ್ಕೆ ಮುಂಚೆ ಉಳಿದದ್ದು. ಆಷಾಢದಲ್ಲಿ ಯಾರೂ ಹೊಸ ಕೆಲಸ ಶುರು ಮಾಡುವುದಿಲ್ಲ, ಪಿತೃಪಕ್ಷದಲ್ಲಿ ಮುಂಗಡ ಕೊಡುವುದಿಲ್ಲ, ಧನುರ್ಮಾಸದಲ್ಲಿ ಗೃಹಪ್ರವೇಶಗಳು ನಿಂತುಹೋಗುತ್ತವೆ. ಹೀಗಾಗಿ ನನ್ನ ಆದಾಯ ಪಂಚಾಂಗದ ಜೊತೆಗೇ ಏರುತ್ತದೆ, ಇಳಿಯುತ್ತದೆ.

ಕಳೆದ ಆರ್ಥಿಕ ವರ್ಷದಲ್ಲಿ ಓಡಾಟ, ಸಾಫ್ಟ್‌ವೇರ್ ಚಂದಾ, ನಕ್ಷೆ ಬಿಡಿಸುವ ಸಹಾಯಕಿಗೆ ಕೊಡುವ ಹಣ ಎಲ್ಲವನ್ನೂ ಕಳೆದು ಕೈಯಲ್ಲಿ ಉಳಿದ ಮೊತ್ತ ಹೀಗಿದೆ (ಸಾವಿರ ರೂಪಾಯಿಗಳಲ್ಲಿ):

ಏಪ್ರಿಲ್ 135, ಮೇ 160, ಜೂನ್ 70, ಜುಲೈ 20, ಆಗಸ್ಟ್ 35, ಸೆಪ್ಟೆಂಬರ್ 60, ಅಕ್ಟೋಬರ್ 40, ನವೆಂಬರ್ 120, ಡಿಸೆಂಬರ್ 90, ಜನವರಿ 30, ಫೆಬ್ರವರಿ 110, ಮಾರ್ಚ್ 90.

ಒಟ್ಟು 9,60,000 ರೂಪಾಯಿ, ಅಂದರೆ ತಿಂಗಳಿಗೆ ಸರಾಸರಿ 80,000. ಮನೆ ಬಾಡಿಗೆಯನ್ನೂ ಮಗನ ಶಾಲಾ ಶುಲ್ಕವನ್ನೂ ನನ್ನ ಯಜಮಾನರು ನೋಡಿಕೊಳ್ಳುತ್ತಾರೆ. ದಿನಸಿ, ಅತ್ತೆಯವರ ಔಷಧಿ, ಕಾರಿನ ಸಾಲದ ಕಂತು, ವಿಮೆ ಇವು ನನ್ನ ಪಾಲು. ವರ್ಷಕ್ಕೊಮ್ಮೆ ಬರುವ ಖರ್ಚುಗಳನ್ನೂ ಹನ್ನೆರಡರಿಂದ ಭಾಗಿಸಿ ಸೇರಿಸಿದರೆ ಅದು 52,000 ಆಗುತ್ತದೆ. ಪ್ರತಿ ತಿಂಗಳ ಒಂದನೇ ತಾರೀಖು ನಿಗದಿತ ಮೊತ್ತವೊಂದನ್ನು ಸಂಬಳದಂತೆ ಮನೆಯ ಖಾತೆಗೆ ಹಾಕಿಕೊಳ್ಳಬೇಕೆಂದಿದ್ದೇನೆ. ಸರಾಸರಿ 80,000 ಇರುವಾಗ ಅಷ್ಟನ್ನೇ ತೆಗೆದುಕೊಳ್ಳಬಹುದೇ?

ತಂತ್ರಾಂಶಿ (ಬೆಂಗಳೂರು)

ನಾನೂ ಸ್ವತಂತ್ರವಾಗಿಯೇ ಕೆಲಸ ಮಾಡುವವನು. ಸರಾಸರಿಯಷ್ಟನ್ನೇ ತೆಗೆದುಕೊಳ್ಳಬಹುದು, ವರ್ಷದ ಕೊನೆಗೆ ಲೆಕ್ಕ ಸರಿಹೋಗುತ್ತದೆ. ಆದರೆ ಬಂದ ಹಣದಲ್ಲಿ ಮೊದಲು ಶೇಕಡಾ 30ರಷ್ಟನ್ನು ತೆರಿಗೆಗೆಂದು ಬೇರೆ ಖಾತೆಗೆ ಹಾಕಿಬಿಡಿ, ಇಲ್ಲವಾದರೆ ಮಾರ್ಚ್‌ನಲ್ಲಿ ಪರದಾಡಬೇಕಾಗುತ್ತದೆ. ಇನ್ನೊಂದು ಅನುಕೂಲವೂ ಇದೆ: ನಿಮಗೆ ನೀವು ಕೊಟ್ಟುಕೊಳ್ಳುವ ಸಂಬಳವನ್ನು ವೃತ್ತಿಯ ಖರ್ಚೆಂದು ತೋರಿಸಿದರೆ ತೆರಿಗೆಯೂ ಇಳಿಯುತ್ತದೆ.

ಕಾವೇರಿ ತೀರ

ನಕ್ಷೆ ಬಿಡಿಸುವವರಿಗೆ ತಿಂಗಳ ಸಂಬಳ ಕೊಡುವುದಕ್ಕಿಂತ ನಕ್ಷೆಗೆ ಇಷ್ಟೆಂದು ಕೊಡುವುದೇ ಒಳ್ಳೆಯದು ಮೇಡಂ. ಆಷಾಢದಲ್ಲಿ ಕೆಲಸವಿಲ್ಲದಿದ್ದರೂ ಸಂಬಳ ಕೊಡಬೇಕಾಗುತ್ತದೆ.

ಒಳಮನೆ (ಮೈಸೂರು)

ಸರ್, ಸಹಾಯಕಿಗೆ ಈಗಾಗಲೇ ನಕ್ಷೆಯ ಲೆಕ್ಕದಲ್ಲೇ ಕೊಡುತ್ತಿದ್ದೇನೆ. ನಾನು ಕೇಳಿದ್ದು ನನ್ನ ಸ್ವಂತ ಸಂಬಳದ ಬಗ್ಗೆ.

ಖಾತೆ ಕಿರ್ದಿ (ಹುಬ್ಬಳ್ಳಿ)

ಒಳಮನೆ ಅವರೇ, ಬ್ಯಾಂಕಿನಿಂದ ನಿವೃತ್ತನಾದ ಮೇಲೆ ನಾನು ಕೆಲವು ಸ್ವತಂತ್ರ ವೃತ್ತಿಗಾರರ ಲೆಕ್ಕಪತ್ರ ನೋಡಿಕೊಳ್ಳುತ್ತಿದ್ದೇನೆ. ಸರಾಸರಿಯೊಂದನ್ನೇ ನೋಡಿ ಸಂಬಳ ಗೊತ್ತುಮಾಡುವುದು ಸರಿಯಲ್ಲ, ಏಕೆಂದರೆ ಹಣ ಯಾವ ಅನುಕ್ರಮದಲ್ಲಿ ಬಂತು ಎಂಬುದನ್ನು ಸರಾಸರಿ ಹೇಳುವುದಿಲ್ಲ. ನಿಮ್ಮ ಹನ್ನೆರಡು ಸಂಖ್ಯೆಗಳನ್ನು ಹೇಗೆ ಅದಲು ಬದಲು ಮಾಡಿದರೂ ಸರಾಸರಿ 80,000 ಆಗಿಯೇ ಉಳಿಯುತ್ತದೆ. ಕಷ್ಟ ಮಾತ್ರ ಬೇರೆ ಬೇರೆಯಾಗಿರುತ್ತದೆ. ಬಡ ತಿಂಗಳುಗಳು ಒಂದರ ಹಿಂದೊಂದು ಬಂದಾಗ ಕೊರತೆ ಕೂಡುತ್ತಾ ಹೋಗಿ ಅತಿ ಹೆಚ್ಚೆಂದರೆ ಎಷ್ಟಾಗುತ್ತದೆ ಎಂಬುದನ್ನು ನೋಡಬೇಕು. ಅಷ್ಟು ಇಡುಗಂಟು ಇದ್ದರೆ ಆ ಸಂಬಳ ನಿಲ್ಲುತ್ತದೆ, ಇಲ್ಲದಿದ್ದರೆ ನಡುವೆ ಎಲ್ಲೋ ಮುರಿದುಬೀಳುತ್ತದೆ.

80,000 ತೆಗೆದುಕೊಳ್ಳುತ್ತೀರಿ ಎಂದಿಟ್ಟುಕೊಳ್ಳೋಣ. ಕಳೆದ ವರ್ಷದ ಜೂನ್‌ನಲ್ಲಿ 10,000 ಕೊರತೆ ಬೀಳುತ್ತದೆ. ಜುಲೈನಲ್ಲಿ ಅದಕ್ಕೆ 60,000 ಸೇರಿ 70,000, ಆಗಸ್ಟ್‌ಗೆ 1,15,000, ಸೆಪ್ಟೆಂಬರ್‌ಗೆ 1,35,000, ಅಕ್ಟೋಬರ್‌ಗೆ 1,75,000. ನವೆಂಬರ್ ಮತ್ತು ಡಿಸೆಂಬರ್ ಸ್ವಲ್ಪ ತುಂಬಿಕೊಡುತ್ತವೆ, ಆದರೆ ಜನವರಿ ಮತ್ತೆ 1,75,000ಕ್ಕೇ ತಂದು ನಿಲ್ಲಿಸುತ್ತದೆ. ಅಂದರೆ 80,000ದ ಸಂಬಳಕ್ಕೆ ಜೂನ್ ಒಂದನೇ ತಾರೀಖು ಖಾತೆಯಲ್ಲಿ ಕನಿಷ್ಠ ಒಂದೂಮುಕ್ಕಾಲು ಲಕ್ಷ ಇರಬೇಕಿತ್ತು. ಇದೇ ಲೆಕ್ಕವನ್ನು 65,000ಕ್ಕೆ ಮಾಡಿದರೆ ಅತಿ ದೊಡ್ಡ ಕೊರತೆ 1,05,000ಕ್ಕೂ, 60,000ಕ್ಕೆ ಮಾಡಿದರೆ 85,000ಕ್ಕೂ ಇಳಿಯುತ್ತದೆ. ಸಂಬಳವನ್ನು 15,000 ಇಳಿಸಿದ್ದಕ್ಕೆ ಬೇಕಾಗುವ ಇಡುಗಂಟು 70,000 ಇಳಿಯಿತು ಎಂಬುದನ್ನು ದಯವಿಟ್ಟು ಗಮನಿಸಿ. ಹೊಸದಾಗಿ ಶುರು ಮಾಡುವವರಿಗೆ ಇದು ಬಹಳ ದೊಡ್ಡ ವ್ಯತ್ಯಾಸ.

ಶೀಟ್‌ನಲ್ಲಿ ಇದನ್ನು ಮಾಡುವುದು ಸುಲಭ. C2ರಿಂದ C13ರವರೆಗೆ ತಿಂಗಳ ಉಳಿಕೆ, F1ರಲ್ಲಿ ಸಂಬಳ ಬರೆಯಿರಿ. D ಕಾಲಂನಲ್ಲಿ ಕೊರತೆ ಬೆಳೆಯುವುದು ಕಾಣುತ್ತದೆ:

```
D2:  =MAX(0, $F$1-C2)
D3:  =MAX(0, D2+$F$1-C3)
F2:  =MAX(D2:D13)
```

D3ಯನ್ನು D13ರವರೆಗೆ ಎಳೆಯಿರಿ. F1ರಲ್ಲಿ ಸಂಖ್ಯೆ ಬದಲಿಸಿದಂತೆಲ್ಲ F2ರಲ್ಲಿ ಬೇಕಾಗುವ ಇಡುಗಂಟು ಬದಲಾಗುತ್ತದೆ. ಈಗ ಎರಡು ಪ್ರಶ್ನೆ: ನಿಮ್ಮ ಖಾತೆಯಲ್ಲಿ ಈಗ ಎಷ್ಟಿದೆ? ಇದಕ್ಕೂ ಹಿಂದಿನ ವರ್ಷಗಳ ಲೆಕ್ಕ ಸಿಗುತ್ತದೆಯೇ?

ಕರಾವಳಿ ಕರಸಲಹೆ (ಮಂಗಳೂರು)

ತೆರಿಗೆಯ ಬಗ್ಗೆ ತಂತ್ರಾಂಶಿ ಅವರು ಹೇಳಿದ ಎರಡು ಮಾತುಗಳನ್ನು ತಿದ್ದಬೇಕಾಗಿದೆ.

ಸ್ವಂತ ಹೆಸರಿನಲ್ಲಿ ವೃತ್ತಿ ನಡೆಸುವವರು ತಮಗೆ ತಾವೇ ಕೊಟ್ಟುಕೊಳ್ಳುವ ಹಣ ವೃತ್ತಿಯ ಖರ್ಚಾಗುವುದಿಲ್ಲ. ಅದು ಲಾಭದಿಂದ ಸ್ವಂತಕ್ಕೆ ತೆಗೆದುಕೊಂಡ ಹಣ, ಅಷ್ಟೇ. ಅದನ್ನು ಸಂಬಳವೆಂದು ಕರೆಯುವುದು ನಮ್ಮ ಮನೆಯ ಶಿಸ್ತಿಗಾಗಿ. ಅದರಿಂದ ತೆರಿಗೆ ಇಳಿಯುವುದಿಲ್ಲ, ಸಂಬಳದಾರರಿಗೆ ಸಿಗುವ ಸ್ಟ್ಯಾಂಡರ್ಡ್ ಡಿಡಕ್ಷನ್ ಕೂಡ ಸಿಗುವುದಿಲ್ಲ.

ಶೇಕಡಾ 30ನ್ನು ಎತ್ತಿಡುವ ಮಾತು ಹೆಚ್ಚು ಆದಾಯವಿರುವವರಿಗೆ ಸರಿಹೊಂದಬಹುದು, ಈ ಪ್ರಕರಣಕ್ಕೆ ಹೊಂದುವುದಿಲ್ಲ. ಒಳಾಂಗಣ ವಿನ್ಯಾಸ 44ADA ಕಲಮಿನಡಿ ಬರುವ ವೃತ್ತಿ. ಅಲ್ಲಿ ಒಟ್ಟು ಸ್ವೀಕೃತಿಯ ಅರ್ಧದಷ್ಟನ್ನಾದರೂ ಆದಾಯವೆಂದು ಘೋಷಿಸಬೇಕು. ವಾಸ್ತವದ ಲಾಭ ಅರ್ಧಕ್ಕಿಂತ ಹೆಚ್ಚಿದ್ದರೆ ಆ ಹೆಚ್ಚಿನ ಮೊತ್ತವನ್ನೇ ಘೋಷಿಸಬೇಕೇ ಎಂಬ ವಿಷಯದಲ್ಲಿ ನನ್ನ ಸಹೋದ್ಯೋಗಿಗಳಲ್ಲೇ ಭಿನ್ನಾಭಿಪ್ರಾಯವಿದೆ. ಆದರೆ ಈ ವರ್ಷವೂ ಅಷ್ಟೇ ಬಂದು ಮೇಡಂ ಅವರು ಪೂರ್ತಿ 9,60,000ವನ್ನು ಘೋಷಿಸಿದರೂ, ಹೊಸ ಪದ್ಧತಿಯಲ್ಲಿ 2025-26ರ ಆದಾಯಕ್ಕೆ 12 ಲಕ್ಷದವರೆಗೆ ರಿಯಾಯಿತಿ ಇರುವುದರಿಂದ ಕಟ್ಟಬೇಕಾದ ತೆರಿಗೆ ಸೊನ್ನೆ. ಬೇರೆ ಆದಾಯವಿದ್ದರೆ, ಅದರಲ್ಲೂ ಷೇರು ಅಥವಾ ನಿವೇಶನ ಮಾರಿದ ಲಾಭವಿದ್ದರೆ, ಲೆಕ್ಕ ಬದಲಾಗುತ್ತದೆ. ಆದಾಯ 12 ಲಕ್ಷವನ್ನು ದಾಟುವ ಸೂಚನೆ ಕಂಡ ವರ್ಷದಿಂದ ತೆರಿಗೆಯ ಪಾಲನ್ನು ಎತ್ತಿಡಲು ತೊಡಗಿ. 44ADA ಆರಿಸಿಕೊಂಡವರಿಗೆ ಮುಂಗಡ ತೆರಿಗೆಯನ್ನು ಒಂದೇ ಕಂತಿನಲ್ಲಿ ಮಾರ್ಚ್ 15ರೊಳಗೆ ಕಟ್ಟುವ ಅವಕಾಶವಿದೆ, ಆದ್ದರಿಂದ ಆ ಹಣ ವರ್ಷದುದ್ದಕ್ಕೂ ನಿಮ್ಮ ಖಾತೆಯಲ್ಲಿ ನಿಮ್ಮದೇ ಎಂಬಂತೆ ಕಾಣುತ್ತಾ ಕೂತಿರುತ್ತದೆ. ಅದನ್ನು ಇಡುಗಂಟಿನೊಂದಿಗೆ ಬೆರೆಸಬೇಡಿ.

ಕಚೇರಿಗಳಿಗೆ ಕೆಲಸ ಮಾಡಿದಾಗ ಅವರು ಶೇಕಡಾ 10 ಟಿಡಿಎಸ್ ಮುರಿದುಕೊಂಡು ಕೊಟ್ಟರೆ, ಕೈಗೆ ಬಂದ ಮೊತ್ತವನ್ನಷ್ಟೇ ಶೀಟ್‌ನಲ್ಲಿ ಬರೆಯಿರಿ. ಮುರಿದದ್ದು ರಿಟರ್ನ್ ಸಲ್ಲಿಸಿದ ಮೇಲೆ ಮರುಪಾವತಿಯಾಗಿ ಬರುತ್ತದೆ; ಬಂದ ತಿಂಗಳಲ್ಲಿ ಅದನ್ನು ಬರೆದುಕೊಂಡರೆ ಸಾಕು.

ತಂತ್ರಾಂಶಿ (ಬೆಂಗಳೂರು)

ತಿದ್ದಿದ್ದಕ್ಕೆ ವಂದನೆಗಳು. ನನ್ನ ಸ್ವೀಕೃತಿ 20 ಲಕ್ಷ ದಾಟಿ ಜಿಎಸ್‌ಟಿ ನೋಂದಣಿಯೂ ಆಗಿರುವುದರಿಂದ ನನ್ನ ಅಭ್ಯಾಸವನ್ನೇ ಎಲ್ಲರಿಗೂ ಅನ್ವಯಿಸಿ ಹೇಳಿದೆ.

ಮದುವೆ ಕ್ಯಾಮೆರಾ (ದಾವಣಗೆರೆ)

ನಾನು ಮದುವೆಗಳ ಛಾಯಾಗ್ರಾಹಕ. ನಮ್ಮ ವೃತ್ತಿಗೂ ಇದೇ ಪಂಚಾಂಗ, ಆದರೆ ನನ್ನನ್ನು ಕಾಡುವುದು ಮುಂಗಡದ ಹಣ. ಕಾರ್ತಿಕ ಮಾಸದ ಮದುವೆಗೆ ಜ್ಯೇಷ್ಠದಲ್ಲೇ ಮುಂಗಡ ಬರುತ್ತದೆ, ಖಾತೆ ತುಂಬಿದಂತೆ ಕಾಣುತ್ತದೆ. ಮದುವೆಯ ದಿನ ಎರಡನೇ ಕ್ಯಾಮೆರಾದವನಿಗೆ, ಡ್ರೋನ್‌ನವನಿಗೆ, ಆಮೇಲೆ ಆಲ್ಬಂ ಮುದ್ರಣಕ್ಕೆ ಕೊಡಬೇಕಾದದ್ದು ಆ ಹಣದಿಂದಲೇ. ಮದುವೆ ಮುಂದಕ್ಕೆ ಹೋದರೆ ಕೆಲವರು ಹಿಂದಕ್ಕೂ ಕೇಳುತ್ತಾರೆ. ಆದ್ದರಿಂದ ಕೆಲಸ ಮುಗಿಯುವವರೆಗೆ ಮುಂಗಡವನ್ನು ನಾನು ನನ್ನ ಹಣವೆಂದು ಎಣಿಸುವುದೇ ಇಲ್ಲ. ಅಕ್ಕ, ನಿಮ್ಮ ಮೇ ತಿಂಗಳ 160ರಲ್ಲಿ ಮುಂಗಡ ಎಷ್ಟಿತ್ತು ನೋಡಿ. ಈಗ ಖಾತೆಯಲ್ಲಿರುವುದರಲ್ಲಿಯೂ ನೋಡಿ.

ಒಳಮನೆ (ಮೈಸೂರು)

ಎಲ್ಲರ ಉತ್ತರಗಳನ್ನೂ ನಿಧಾನವಾಗಿ ಓದಿ ಶೀಟ್‌ನಲ್ಲಿ ಹಾಕಿ ನೋಡಿದೆ. ಮೊದಲು ಒಂದು ಸಂಸ್ಥೆಯಲ್ಲಿ ಉದ್ಯೋಗದಲ್ಲಿದ್ದುದರಿಂದ ಪೂರ್ತಿ ಲೆಕ್ಕ ಇರುವುದು ಈ ಒಂದು ವರ್ಷದ್ದು ಮಾತ್ರ. ಖಾತೆಯಲ್ಲಿ ಈಗ 90,000 ಇದೆ, ಈ ಜೂನ್‌ನ ಶುಲ್ಕ ಇನ್ನೂ ಬಂದಿಲ್ಲ. ಅದರಲ್ಲಿ 30,000 ಒಂದು ಮನೆಯವರ ಮುಂಗಡ; ಆಷಾಢ ಮುಗಿದ ಮೇಲೆಯೇ ಕೆಲಸ ಶುರು ಮಾಡೋಣ ಎಂದಿದ್ದಾರೆ, ನಕ್ಷೆಗಳನ್ನು ನಾನಿನ್ನೂ ಮುಟ್ಟಿಲ್ಲ.

ಖಾತೆ ಕಿರ್ದಿ (ಹುಬ್ಬಳ್ಳಿ)

ಒಂದೇ ವರ್ಷದ ಲೆಕ್ಕವಿರುವಾಗ ಅದನ್ನು ಒಮ್ಮೆಯಾದರೂ ಬೇಕೆಂದೇ ಕೆಡಿಸಿ ನೋಡಬೇಕು. ನಿಮ್ಮಲ್ಲಿ ಅತಿ ಸಂಭವನೀಯವಾದ ತೊಂದರೆಯೆಂದರೆ ಗೃಹಪ್ರವೇಶದ ದಿನ ಮುಂದಕ್ಕೆ ಹೋಗಿ ಕೊನೆಯ ಕಂತು ತಡವಾಗುವುದು. ನವೆಂಬರ್‌ನ 1,20,000 ಆ ತಿಂಗಳು ಬಾರದೆ ಜನವರಿಗೆ ಬಂತೆಂದು ಭಾವಿಸಿ. ವರ್ಷದ ಒಟ್ಟು ಮೊತ್ತ ಒಂದು ರೂಪಾಯಿಯೂ ಕಡಿಮೆಯಾಗುವುದಿಲ್ಲ, ಆದರೆ 65,000ದ ಸಂಬಳಕ್ಕೆ ಬೇಕಾಗುವ ಇಡುಗಂಟು 1,05,000ದಿಂದ 1,70,000ಕ್ಕೆ ಜಿಗಿಯುತ್ತದೆ. ಆದ್ದರಿಂದ ಈ ಜೂನ್‌ನಲ್ಲಿ 65,000ಕ್ಕೆ ಕೈಹಾಕಬೇಡಿ.

ಸದ್ಯಕ್ಕೆ 55,000ದಿಂದ ಶುರು ಮಾಡಿ. ನಿಮ್ಮ ಪಾಲಿನ 52,000ಕ್ಕೆ ಅದು ಸಾಕು. ಕಳೆದ ವರ್ಷದಂತೆಯೇ ನಡೆದರೆ ಜೂನ್‌ನಲ್ಲಿ 15,000 ಉಳಿಯುತ್ತದೆ. ಆಮೇಲೆ ಕೊರತೆ ಜುಲೈ ಕೊನೆಗೆ 35,000, ಆಗಸ್ಟ್ ಕೊನೆಗೆ 55,000, ಸೆಪ್ಟೆಂಬರ್ ಕೊನೆಗೆ 50,000, ಅಕ್ಟೋಬರ್ ಕೊನೆಗೆ 65,000. ನಿಮ್ಮ ಬಳಿ 90,000ಕ್ಕೆ 15,000 ಸೇರಿ 1,05,000 ಇರುತ್ತದೆ, ಆದ್ದರಿಂದ ದಾಟಬಹುದು. ನವೆಂಬರ್ ಹಣ ತಡವಾದರೆ ಮಾತ್ರ ಆ ತಿಂಗಳ ಕೊನೆಗೆ ಕೊರತೆ 1,20,000ಕ್ಕೆ ಹೋಗಿ 15,000 ಸಾಲದೆ ಬರುತ್ತದೆ. ಅದು ಅಕ್ಟೋಬರ್‌ನಲ್ಲೇ ನಿಮಗೆ ಗೊತ್ತಾಗುವ ವಿಷಯ, ಏಕೆಂದರೆ ಗೃಹಪ್ರವೇಶದ ದಿನ ಗೊತ್ತಾಗಿದೆಯೋ ಇಲ್ಲವೋ ಎಂಬುದು ನಿಮಗೇ ಮೊದಲು ತಿಳಿಯುತ್ತದೆ.

ಮದುವೆ ಕ್ಯಾಮೆರಾ (ದಾವಣಗೆರೆ)

ಕಿರ್ದಿ ಸರ್, ನೀವು ಆ 30,000 ಮುಂಗಡವನ್ನೂ ಇಡುಗಂಟಿನಲ್ಲಿ ಸೇರಿಸಿದ್ದೀರಿ. ಅದನ್ನು ತೆಗೆದರೆ 75,000 ಉಳಿಯುತ್ತದೆ. 65,000ದ ಕೊರತೆ ಬಂದಾಗ ಕೈಯಲ್ಲಿ ಹತ್ತೇ ಸಾವಿರ.

ಖಾತೆ ಕಿರ್ದಿ (ಹುಬ್ಬಳ್ಳಿ)

ತಿಳಿದೇ ಸೇರಿಸಿದ್ದೇನೆ. ನಿಮ್ಮ ಮುಂಗಡಕ್ಕೂ ಇವರ ಮುಂಗಡಕ್ಕೂ ವ್ಯತ್ಯಾಸವಿದೆ: ನಿಮ್ಮದರಿಂದ ಮೂರನೆಯವರಿಗೆ ಕೊಡುವುದಿದೆ, ಇವರದು ಬಹುಪಾಲು ಇವರ ಸ್ವಂತ ದುಡಿಮೆಯ ಬೆಲೆ. ಜುಲೈನಲ್ಲಿ ಕೂತು ನಕ್ಷೆಗಳನ್ನು ಮುಗಿಸಿಕೊಟ್ಟರೆ ಆ ಹಣ ಸಂದಾಯವಾದಂತೆ. ಕೆಲಸವಿಲ್ಲದ ತಿಂಗಳಲ್ಲಿ ಮಾಡಲು ಅದಕ್ಕಿಂತ ಒಳ್ಳೆಯ ಕೆಲಸವೂ ಇಲ್ಲ.

ಮದುವೆ ಕ್ಯಾಮೆರಾ (ದಾವಣಗೆರೆ)

ಮನೆಯವರು ಮನಸ್ಸು ಬದಲಿಸಿದರೆ ನಕ್ಷೆ ಮುಗಿದಿದ್ದರೂ ಜಗಳವೇ. ಬೇರೆ ಖಾತೆಯಲ್ಲಿಡುವುದೇ ಸರಿ ಎಂಬ ನನ್ನ ಅಭಿಪ್ರಾಯ ಬದಲಾಗಿಲ್ಲ. ಮುಂಗಡ ಹಿಂದಿರುಗಿಸುವ ಬಗ್ಗೆ ನಿಮ್ಮ ಒಪ್ಪಂದದಲ್ಲಿ ಏನು ಬರೆದಿದೆ ಅಕ್ಕ?

ಒಳಮನೆ (ಮೈಸೂರು)

ಮೊದಲ ನಕ್ಷೆ ಕೊಟ್ಟ ಮೇಲೆ ಮುಂಗಡ ಹಿಂದಿರುಗಿಸುವುದಿಲ್ಲವೆಂದು ಬರೆದಿದೆ. ಆದರೆ ಅವರು ಪರಿಚಯದವರ ಮೂಲಕ ಬಂದವರು, ಕೇಳಿದರೆ ಇಲ್ಲವೆನ್ನುವುದು ಕಷ್ಟ. ಆದ್ದರಿಂದ ಮೊದಲ ನಕ್ಷೆ ಕೊಡುವವರೆಗೆ ಆ 30,000ವನ್ನು ಮುಟ್ಟುವುದಿಲ್ಲ, ಕೊಟ್ಟ ದಿನ ಶೀಟ್‌ಗೆ ಸೇರಿಸುತ್ತೇನೆ.

ಇನ್ನೊಂದು ವಿಷಯ ಕೇಳಬೇಕಿತ್ತು. ವೃತ್ತಿಗೆಂದು ಬೇರೆ ಖಾತೆ ತೆರೆದಿದ್ದರೂ ಹಣ ಮನೆಯ ಖಾತೆಗೇ ಬಂದು ಬೀಳುತ್ತಿದೆ. ಅಲ್ಲಿಗೆ ಬಂದದ್ದು ಯಾವುದಕ್ಕೆ ಹೋಯಿತೆಂದು ತಿಂಗಳ ಕೊನೆಗೆ ತಿಳಿಯುವುದಿಲ್ಲ.

ತಂತ್ರಾಂಶಿ (ಬೆಂಗಳೂರು)

ಇದನ್ನು ಖಚಿತವಾಗಿ ಹೇಳಬಲ್ಲೆ. ಗ್ರಾಹಕರು ನಿಮ್ಮ ಮೊಬೈಲ್ ಸಂಖ್ಯೆಗೆ ಯುಪಿಐ ಮಾಡುತ್ತಿರಬೇಕು. ಆಗ ಹಣ ಹೋಗುವುದು ಆ ಆ್ಯಪ್‌ನಲ್ಲಿ ಹಣ ಸ್ವೀಕರಿಸಲು ಮುಖ್ಯವೆಂದು ಗುರುತಿಸಿದ ಖಾತೆಗೆ. ಸ್ವೀಕರಿಸುವ ಖಾತೆಯನ್ನು ವೃತ್ತಿಯ ಖಾತೆಗೆ ಬದಲಿಸಿ, ಬಿಲ್ಲಿನ ಮೇಲೆ ಅದರ ಕ್ಯೂಆರ್ ಮುದ್ರಿಸಿ. ಅಂಗಡಿಯಲ್ಲಿ ಹಣ ಕೊಡುವಾಗ ಮಾತ್ರ ಮನೆಯ ಖಾತೆಯನ್ನು ಆರಿಸಿಕೊಳ್ಳಿ. ವೃತ್ತಿಯ ಖಾತೆಯಿಂದ ಮನೆಗೆ ಹಣ ಹೋಗುವ ದಾರಿ ಒಂದೇ ಇರಲಿ: ಬ್ಯಾಂಕಿನಲ್ಲಿ ಪ್ರತಿ ತಿಂಗಳ ಒಂದನೇ ತಾರೀಖಿಗೆ ಸ್ಥಾಯಿ ಸೂಚನೆ ಕೊಟ್ಟು 55,000 ತಾನಾಗಿ ವರ್ಗವಾಗುವಂತೆ ಮಾಡಿ. ಮಧ್ಯೆ 500 ರೂಪಾಯಿಯ ತರಕಾರಿಗೂ ಆ ಖಾತೆಯನ್ನು ಬಳಸಿದರೆ ಕಿರ್ದಿ ಅವರ ಶೀಟ್‌ನಲ್ಲಿರುವ ಸಂಖ್ಯೆಗಳು ಸುಳ್ಳಾಗುತ್ತವೆ.

ಕಾವೇರಿ ತೀರ

ಮೊದಲು ಪ್ರಶ್ನೆಯನ್ನು ತಪ್ಪಾಗಿ ಓದಿದ್ದೆ, ಕ್ಷಮಿಸಿ. ಈಗ ನನ್ನದೊಂದು ಪ್ರಶ್ನೆ: ಸಂಬಳವನ್ನು ಯಾವಾಗ ಏರಿಸಬೇಕು, ಯಾವಾಗ ಇಳಿಸಬೇಕು? ಒಳ್ಳೆಯ ತಿಂಗಳು ಬಂದ ಕೂಡಲೇ ಏರಿಸಿದರೆ ನಿಗದಿತ ಸಂಬಳಕ್ಕೆ ಅರ್ಥವೇನು?

ಖಾತೆ ಕಿರ್ದಿ (ಹುಬ್ಬಳ್ಳಿ)

ಒಳ್ಳೆಯ ಪ್ರಶ್ನೆ. ನನ್ನ ಬಳಿ ಬರುವವರಿಗೆ ವರ್ಷಕ್ಕೆ ಎರಡೇ ಸಲ ಬದಲಿಸಲು ಹೇಳುತ್ತೇನೆ. ಒಳಮನೆ ಅವರ ವೃತ್ತಿಗೆ ದೀಪಾವಳಿಯ ಗದ್ದಲ ಮುಗಿದ ಡಿಸೆಂಬರ್ ಕೊನೆ ಮತ್ತು ಆಷಾಢಕ್ಕೆ ಮುಂಚಿನ ಮೇ ಕೊನೆ ಸೂಕ್ತ. ಆ ದಿನ ಇಡುಗಂಟು ಹೊಸ ಸಂಬಳಕ್ಕೆ ಬೇಕಾದಷ್ಟು ಇದ್ದರೆ ಮಾತ್ರ ಏರಿಸಬೇಕು. ಮೇ ಕೊನೆಗೆ ಖಾತೆ ತುಂಬಿರುವುದು ಸಹಜ. ಅದು ಅಕ್ಟೋಬರ್‌ವರೆಗೆ ಉಣ್ಣಬೇಕಾದ ಹಣ, ಏರಿಕೆಗೆ ಕಾರಣವಲ್ಲ.

ಇಳಿಸುವ ವಿಷಯದಲ್ಲಿ ತಡ ಮತ್ತು ಕುಸಿತ ಇವೆರಡನ್ನೂ ಬೇರ್ಪಡಿಸಿ ನೋಡಬೇಕು. ಆಗಸ್ಟ್ ಕೊನೆಗೆ ಕೊರತೆ 55,000 ಆಗಬೇಕಿದ್ದದ್ದು 80,000 ಆಗಿದೆ ಎನ್ನೋಣ. ಬಿಲ್ ಕೊಟ್ಟು ಬಾರದೆ ಉಳಿದ ಹಣ 25,000 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಅದು ತಡ. ವಸೂಲಿಗೆ ಗಮನ ಕೊಡಿ, ಸಂಬಳವನ್ನು ಮುಟ್ಟಬೇಡಿ. ಬಾಕಿ ಬಿಲ್ಲುಗಳೇ ಇಲ್ಲದೆ ಕೊರತೆ ಬೆಳೆದಿದ್ದರೆ, ಜೊತೆಗೆ ಶ್ರಾವಣಕ್ಕೆ ಒಪ್ಪಿಕೊಂಡ ಹೊಸ ಮನೆಗಳು ಹೋದ ವರ್ಷಕ್ಕಿಂತ ಕಡಿಮೆಯಿದ್ದರೆ, ಅದು ಕುಸಿತ. ಆಗ ಆರು ತಿಂಗಳ ನಿಯಮವನ್ನು ಬದಿಗಿಟ್ಟು ಮುಂದಿನ ತಿಂಗಳಿಂದಲೇ ಇಳಿಸಿ. ಖಾತೆಯ ಶಿಲ್ಕನ್ನು ಮಾತ್ರ ನೋಡುವವರಿಗೆ ಈ ಎರಡೂ ಒಂದೇ ರೀತಿ ಕಾಣುತ್ತವೆ, ಆದ್ದರಿಂದ ಶೀಟ್‌ನಲ್ಲಿ ಬಾಕಿ ಬಿಲ್ಲಿಗೊಂದು, ಒಪ್ಪಿಕೊಂಡ ಹೊಸ ಕೆಲಸಕ್ಕೊಂದು ಕಾಲಂ ಇರಬೇಕು.

ಕರಾವಳಿ ಕರಸಲಹೆ (ಮಂಗಳೂರು)

ಇಳಿಸುವುದಕ್ಕೆ ಕೆಳಗಿನ ಮಿತಿಯೊಂದಿದೆ ಎಂಬುದನ್ನೂ ಹೇಳಬೇಕು. ಇವರ ಖರ್ಚು 52,000, ಸಂಬಳ 55,000; ಇಳಿಸಲು ಇರುವ ಜಾಗ ಮೂರೇ ಸಾವಿರ. ಕಾರಿನ ಕಂತನ್ನೂ ಔಷಧಿಯನ್ನೂ ತಗ್ಗಿಸಲಾಗದು. ಕುಸಿತ ಬಂದರೆ ಯಾವ ಖರ್ಚನ್ನು ನಿಲ್ಲಿಸುವುದು ಎಂಬುದನ್ನು ಮನೆಯವರೊಂದಿಗೆ ಈಗಲೇ ಮಾತಾಡಿಕೊಳ್ಳುವುದು ಒಳ್ಳೆಯದು.

ಒಳಮನೆ (ಮೈಸೂರು)

ಮಾತಾಡಿದೆವು. ಜುಲೈ ಒಂದರಿಂದ 55,000ದ ಸ್ಥಾಯಿ ಸೂಚನೆ ಕೊಟ್ಟಿದ್ದೇನೆ. ಕುಸಿತ ಕಂಡರೆ ಮೂರು ತಿಂಗಳು ದಿನಸಿಯ ಖರ್ಚನ್ನು ಯಜಮಾನರು ವಹಿಸಿಕೊಳ್ಳುತ್ತಾರೆ, ಆಗ ನನ್ನ ಪಾಲು 38,000ಕ್ಕೆ ಇಳಿಯುತ್ತದೆ. ಕೊನೆಯ ಕಂತನ್ನು ಗೃಹಪ್ರವೇಶದ ದಿನಕ್ಕೆ ಕಟ್ಟಿಹಾಕುವುದರ ಬದಲು ಮರಗೆಲಸ ಮುಗಿದ ದಿನಕ್ಕೆ ಕಟ್ಟುವಂತೆ ಹೊಸ ಒಪ್ಪಂದಗಳಲ್ಲಿ ಬರೆಯಲು ತೊಡಗಿದ್ದೇನೆ. ಮುಹೂರ್ತ ಮುಂದಕ್ಕೆ ಹೋದರೂ ನನ್ನ ಹಣ ನಿಲ್ಲಬಾರದು. ಒಬ್ಬರು ಒಪ್ಪಿದ್ದಾರೆ, ಇನ್ನೊಬ್ಬರು ಯೋಚಿಸಿ ಹೇಳುತ್ತೇವೆ ಎಂದಿದ್ದಾರೆ.

ಮದುವೆ ಕ್ಯಾಮೆರಾ (ದಾವಣಗೆರೆ)

ಆ ಎರಡನೆಯವರು ಏನು ಹೇಳಿದರೆಂದು ಇಲ್ಲೇ ಬರೆಯಿರಿ ಅಕ್ಕ. ನಮ್ಮಲ್ಲಿ ಕೊನೆಯ ಕಂತು ಆಲ್ಬಂ ಕೊಟ್ಟ ಮೇಲೆಯೇ ಬರುವುದು, ಅದನ್ನು ಮದುವೆಯ ಮಾರನೇ ದಿನಕ್ಕೆ ತರಲು ಸಾಧ್ಯವೇ ಎಂದು ನಾನೂ ನೋಡುತ್ತಿದ್ದೇನೆ.